ಹೆಸರು ಸರಿ, ಅಂಕಿ ತಪ್ಪು: ದುಂಡನೆಯ, ಹೊಳೆಯುವ ಡಬ್ಬಿಯ ಮೇಲೆ ಓಸಿಆರ್ ಎಡವುವುದು ಎಲ್ಲಿ

ಒಂದು ಪ್ಲಾಸ್ಟಿಕ್ ಡಬ್ಬಿ. ದುಂಡಗಿದೆ, ಮಿರಮಿರ ಹೊಳೆಯುತ್ತದೆ. ಅದರ ಮೇಲಿನ ಪೋಷಕಾಂಶಗಳ ಪಟ್ಟಿಯ ಫೋಟೊ ತೆಗೆದು ಓಸಿಆರ್‌ಗೆ, ಅಂದರೆ ಚಿತ್ರದಲ್ಲಿರುವ ಬರಹ ಓದಿಕೊಡುವ ಸಾಫ್ಟ್‌ವೇರ್‌ಗೆ, ಕೊಟ್ಟೆ. ಬಂದದ್ದು ಇಷ್ಟು:

```
Energy        408 kcal
Protein       9.0 g
Carbohydrate  6.0 g
Fat           12.0 g
```

ನೋಡಲು ಅಚ್ಚುಕಟ್ಟಾಗಿದೆ. ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಡಬ್ಬಿಯ ಮೇಲೆ ಇದ್ದದ್ದು `6.0` ಅಲ್ಲ, `66.0`. ಒಂದು ಆರು ಎಲ್ಲೋ ಬಿದ್ದುಹೋಗಿದೆ. ಬಿದ್ದ ಗುರುತೂ ಇಲ್ಲ.

ಡಬ್ಬಿ, ಬಾಟಲಿ, ಪೌಚ್‌ಗಳ ಫೋಟೊದಲ್ಲಿ ನನಗೆ ಅತಿ ಹೆಚ್ಚು ತಲೆನೋವು ತಂದದ್ದು ಈ ಥರದ ತಪ್ಪೇ. ಗಜಿಬಿಜಿ ಅಕ್ಷರ ಬಂದರೆ ತಪ್ಪು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಶುಭ್ರವಾಗಿ ಬಂದ ತಪ್ಪು ಅಂಕಿ ಮಾತ್ರ ಸುಮ್ನೆ ಒಳಗೆ ನುಸುಳಿಬಿಡುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುಮಾಡಿ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು, ಕಷ್ಟದವನ್ನು ಆಮೇಲೆ ಹೇಳುತ್ತೇನೆ.

## ಏನೇ ಲಕ್ಷಣ ಇರಲಿ, ಮೊದಲು ಇದನ್ನು ಮಾಡಿ

ಫೋಟೊವನ್ನು ನೂರಕ್ಕೆ ನೂರು ಅಳತೆಗೆ ಹಿಗ್ಗಿಸಿ. ತಪ್ಪಾಗಿ ಬಂದ ಪದವನ್ನು ಮಾತ್ರ ಬಿಟ್ಟು ಸುತ್ತಲಿನದನ್ನೆಲ್ಲ ಕೈಯಿಂದ ಮುಚ್ಚಿ. ಈಗ ಅದನ್ನು ಓದಲು ನಿಮಗಾಗುತ್ತಾ? ಅಕ್ಕಪಕ್ಕದ ಪದಗಳ ಸಹಾಯ ಇಲ್ಲದೆ?

ಆಗದಿದ್ದರೆ ದೋಷ ಫೋಟೊದಲ್ಲಿದೆ. ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ. ಆಗುತ್ತದೆ ಎಂದಾದರೆ ಮಾತ್ರ ಓಸಿಆರ್ ಕಡೆ ನೋಡಿ. ಈ ಅರ್ಧ ನಿಮಿಷದ ಪರೀಕ್ಷೆ ಬಿಟ್ಟು ನೇರ ಸೆಟ್ಟಿಂಗ್ ತಿರುಗಿಸಲು ಹೋಗಿ ನಾನೇ ಎಷ್ಟೋ ಸಂಜೆ ಕಳೆದಿದ್ದೇನೆ.

ಆಮೇಲೆ ಅಕ್ಷರದ ಎತ್ತರ ನೋಡಿ. ದೊಡ್ಡಕ್ಷರವೊಂದು ಮೇಲಿಂದ ಕೆಳಗೆ ಎಷ್ಟು ಪಿಕ್ಸೆಲ್ ಇದೆ? ಸುಮಾರು 30 ಇದ್ದರೆ ಒಳ್ಳೆಯದು. 20ರ ಹತ್ತಿರ ನಡೆಯುತ್ತದೆ. 10ಕ್ಕೆ ಇಳಿದರೆ ಡಬ್ಬಿ ಚಪ್ಪಟೆಯಾಗಿದ್ದರೂ ಓಸಿಆರ್ ಎಡವುತ್ತದೆ. ಇಲ್ಲಿ ಒಂದು ಮಾತು: ಚಿಕ್ಕ ಫೋಟೊವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಸಂಖ್ಯೆ ಏರುತ್ತದೆ, ವಿವರ ಏರುವುದಿಲ್ಲ. ಮತ್ತೆ ಫೋಟೊ ತೆಗೆಯುವುದೇ ದಾರಿ.

ಕೊನೆಯದಾಗಿ, ತಪ್ಪುಗಳೆಲ್ಲ ಫೋಟೊದಲ್ಲಿ ಯಾವ ಜಾಗದಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ಅಂಚಿನಲ್ಲಿ ಸೇರಿಕೊಂಡಿದ್ದರೆ ಬಾಗಿನ ಕಾಟ. ಒಂದು ಉದ್ದ ಪಟ್ಟೆಯೊಳಗೆ ಇದ್ದರೆ ಹೊಳಪಿನ ಕಾಟ. ಎಲ್ಲೆಂದರಲ್ಲಿ ಹರಡಿದ್ದರೆ ಫೋಕಸ್, ಅಲುಗಾಟ ಅಥವಾ ತೀರ ಚಿಕ್ಕ ಅಕ್ಷರ.

## ಲಕ್ಷಣ: ಹೆಸರುಗಳು ಸರಿ, ಅಂಕಿಗಳು ತಪ್ಪು

ಮೊದಲಿಗೆ ಕೊಟ್ಟ `6.0` ಕತೆ ಇದೇ. ಇದು ಅರ್ಥವಾಗಬೇಕಾದರೆ ಓಸಿಆರ್ ಹೇಗೆ ಓದುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಕೆಲಸ ಎರಡು ಹಂತದ್ದು. ಮೊದಲು ಫೋಟೊದಲ್ಲಿ ಬರಹ ಎಲ್ಲೆಲ್ಲಿದೆ ಅಂತ ಹುಡುಕಿ, ಪ್ರತಿ ಸಾಲಿಗೂ ಒಂದು ಚೌಕಟ್ಟು ಹಾಕುತ್ತದೆ. ಆಮೇಲೆ ಒಂದೊಂದೇ ಸಾಲನ್ನು ಕತ್ತರಿಸಿ ಓದುತ್ತದೆ. ಓದುವಾಗ ಸಾಲನ್ನು ಒಂದು ನಿಗದಿತ ಎತ್ತರಕ್ಕೆ ತಂದುಕೊಳ್ಳುತ್ತದೆ. ನಂತರ ಎಡದಿಂದ ಬಲಕ್ಕೆ ತೆಳ್ಳನೆಯ ಉದ್ದುದ್ದ ಸೀಳುಗಳಾಗಿ ನೋಡುತ್ತಾ ಹೋಗುತ್ತದೆ. ಪ್ರತಿ ಸೀಳಿಗೂ ಒಂದು ಉತ್ತರ: ಈ ಅಕ್ಷರ, ಇಲ್ಲವೇ 'ಏನೂ ಇಲ್ಲ'.

ಒಂದು `6` ಎರಡು ಮೂರು ಸೀಳುಗಳಷ್ಟು ಅಗಲ ಇರಬಹುದು. ಆಗ `6 6 6` ಅಂತ ಉತ್ತರ ಬರುತ್ತದೆ. ಅದನ್ನು ಮೂರು ಆರು ಅಂತ ಎಣಿಸಬಾರದಲ್ವಾ? ಅದಕ್ಕೇ ಪಕ್ಕಪಕ್ಕ ಬಂದ ಒಂದೇ ಉತ್ತರಗಳನ್ನು ಸೇರಿಸಿ ಒಂದೇ ಅಕ್ಷರ ಮಾಡುವ ನಿಯಮ ಇದೆ. ನಿಜವಾಗಿಯೂ ಎರಡು ಆರು ಇದ್ದರೆ, ನಡುವಿನ ಸಂದಿಯಲ್ಲಿ ಒಂದು 'ಏನೂ ಇಲ್ಲ' ಬರಬೇಕು. ಆಗಲೇ ಅದು `66`. ಇಂದಿನ ಎಷ್ಟೋ ಓಸಿಆರ್‌ಗಳು ಓದುವುದು ಈ ರೀತಿಯಲ್ಲೇ. ಇದಕ್ಕೆ ಸಿಟಿಸಿ ಅಂತ ಹೆಸರು.

ಈಗ ಡಬ್ಬಿಗೆ ಬನ್ನಿ. ನನ್ನ ಡಬ್ಬಿಯ ಅಡ್ಡಳತೆ 8 ಸೆಂ.ಮೀ., ಅಂದರೆ ತ್ರಿಜ್ಯ 40 ಮಿ.ಮೀ. ಹೆಸರುಗಳ ಕಾಲಂ ಕ್ಯಾಮೆರಾಗೆ ನೇರ ಎದುರು ಇತ್ತು. ಅಂಕಿಗಳ ಕಾಲಂ ಅಲ್ಲಿಂದ ಲೇಬಲ್ ಗುಂಟ 40 ಮಿ.ಮೀ. ಬಲಕ್ಕೆ. ತ್ರಿಜ್ಯದಷ್ಟೇ ದೂರ ಸುತ್ತಿದರೆ ಕೋನ ಸುಮಾರು 57 ಡಿಗ್ರಿ ಆಗುತ್ತದೆ. ಅಲ್ಲಿ ಅಕ್ಷರ ನಮ್ಮಿಂದ ಮುಖ ತಿರುಗಿಸಿಕೊಂಡಿರುತ್ತದೆ. ಎತ್ತರ ಹಾಗೇ ಇರುತ್ತದೆ, ಅಗಲ ಮಾತ್ರ ಕುಗ್ಗುತ್ತದೆ. ಎಷ್ಟು? ಆ ಕೋನದ ಕೊಸೈನ್‌ನಷ್ಟು:

```
cos 30° = 0.87
cos 45° = 0.71
cos 57° = 0.54
cos 70° = 0.34
```

ಅಂದರೆ ದೂರದಿಂದ ತೆಗೆದ ಫೋಟೊದಲ್ಲೂ ನನ್ನ ಅಂಕಿಗಳು ಅರ್ಧಕ್ಕೆ ಹತ್ತಿರ ಸಪೂರವಾಗಿದ್ದವು. ಎರಡು ಆರುಗಳ ನಡುವಿನ ಸಂದಿ ಒಂದು ಸೀಳಿಗಿಂತ ಕಿರಿದಾಯಿತು. 'ಏನೂ ಇಲ್ಲ' ಅನ್ನುವ ಉತ್ತರ ಬರಲೇ ಇಲ್ಲ. ಆರುಗಳೆಲ್ಲ ಕೂಡಿ ಒಂದೇ ಆರಾಯಿತು. `408`, `12.0` ಪಾರಾದವು, ಏಕೆಂದರೆ ಅಲ್ಲಿ ಪಕ್ಕಪಕ್ಕ ಒಂದೇ ಅಂಕಿ ಇಲ್ಲ. `1000` ಹೋಗಿ `100` ಆಗುವುದು, `55` ಹೋಗಿ `5` ಆಗುವುದು, ಎಲ್ಲದಕ್ಕೂ ಮೂಲ ಇದೇ.

ಹಾಗಾದರೆ `Carbohydrate` ಕೂಡ ಬಾಗಿದ ಕಡೆ ಇದ್ದಿದ್ದರೆ? ಬಹುಶಃ ಸರಿಯಾಗೇ ಬರುತ್ತಿತ್ತು. ಅದು ಗೊತ್ತಿರುವ ಪದ. ಒಂದೆರಡು ಅಕ್ಷರ ಮಸುಕಾದರೂ ಓಸಿಆರ್ ತಾನು ಕಲಿತ ಪದಗಳ ಬಲದಿಂದ ತುಂಬಿಕೊಳ್ಳುತ್ತದೆ. `66.0`ಗೆ ಅಂಥ ಆಸರೆ ಇಲ್ಲ. `6.0` ಕೂಡ ಅಷ್ಟೇ ಸರಿಯಾದ ಅಂಕಿ. ಅದರ ಜೊತೆಗೆ ಇನ್ನೊಂದು ದುರದೃಷ್ಟ: ಪಟ್ಟಿಗಳಲ್ಲಿ ಹೆಸರು ಎಡಕ್ಕೆ, ಅಂಕಿ ಬಲ ತುದಿಗೆ ಇರುತ್ತವೆ. ನಾವು ಹೆಸರು ಕಾಣುವ ಹಾಗೆ ಡಬ್ಬಿ ಹಿಡಿಯುತ್ತೇವೆ. ಆಸರೆ ಇಲ್ಲದ ಅಂಕಿಗಳೇ ಹೋಗಿ ಬಾಗಿನಲ್ಲಿ ಕೂರುತ್ತವೆ.

ಮೊದಲು ಡಬ್ಬಿ ತಿರುಗಿಸಿ. ಅಂಕಿಗಳ ಕಾಲಂ ಎದುರಿಗೆ ಬರಲಿ. ಹೆಸರುಗಳು ಓರೆಯಾದರೆ ಆಗಲಿ, ಅವು ತಾಳಿಕೊಳ್ಳುತ್ತವೆ. ಇದಿಷ್ಟರಿಂದಲೇ ನನ್ನ `66.0` ವಾಪಸ್ ಬಂತು.

ಆಮೇಲೆ ಹಿಂದೆ ಸರಿಯಿರಿ. ಹತ್ತಿರ ಹೋದಷ್ಟೂ ದುಂಡನೆಯ ವಸ್ತುವಿನ ಬದಿಗಳು ಜಾಸ್ತಿ ಮರೆಯಾಗುತ್ತವೆ. ಅದೇ ಡಬ್ಬಿಯ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಇಟ್ಟರೆ, ಆ ಅಂಕಿಗಳ ಅಗಲ ಎತ್ತರಕ್ಕೆ ಹೋಲಿಸಿದಾಗ ಇರಬೇಕಾದ್ದರ ಶೇ. 38ಕ್ಕೆ ಇಳಿಯುತ್ತದೆ. 60 ಸೆಂ.ಮೀ.ಗೆ ಸರಿದು ಝೂಮ್ ಮಾಡಿದರೆ ಶೇ. 49. ಝೂಮ್ ಅಂದರೆ ಲೆನ್ಸಿನ ಝೂಮ್. ಬರೀ ಚಿತ್ರ ಕತ್ತರಿಸಿ ಹಿಗ್ಗಿಸುವ ಝೂಮ್ ಆದರೆ, ಮೇಲೆ ಹೇಳಿದ 30 ಪಿಕ್ಸೆಲ್ ಇನ್ನೂ ಉಳಿದಿದೆಯಾ ಅಂತ ನೋಡಿಕೊಳ್ಳಿ.

ಸುತ್ತಲೂ ಬರಹ ಇದ್ದರೆ ಒಂದೇ ಫೋಟೊದ ಆಸೆ ಬಿಡಿ. ಎದುರಿನ ಬಿಂದುವಿನಿಂದ ಎರಡೂ ಕಡೆ 45 ಡಿಗ್ರಿವರೆಗೆ ನಂಬಬಹುದು. ಅದು ಸುತ್ತಳತೆಯ ಕಾಲು ಭಾಗ. ಹಾಗಾಗಿ ನಾಲ್ಕು ಫೋಟೊ ಬೇಕೇ ಬೇಕು. ನಾನು ಆರು ತೆಗೆಯುತ್ತೇನೆ, ಒಂದರ ಅಂಚು ಇನ್ನೊಂದರಲ್ಲೂ ಬರಲಿ ಅಂತ.

ಫೋಟೊ ಮತ್ತೆ ತೆಗೆಯಲು ಡಬ್ಬಿಯೇ ಕೈಯಲ್ಲಿಲ್ಲ ಅಂದರೆ, ಲೇಬಲ್ ಅನ್ನು ಲೆಕ್ಕದಿಂದ ಬಿಡಿಸಿ ಚಪ್ಪಟೆ ಮಾಡಬಹುದು. ಡಬ್ಬಿ ಫೋಟೊದಲ್ಲಿ ನೆಟ್ಟಗೆ ನಿಂತಿದ್ದು, ದೂರದಿಂದ ತೆಗೆದಿದ್ದರೆ ಇಷ್ಟು ಸಾಕು. `x0` ಡಬ್ಬಿಯ ನಡುಗೆರೆ, `R` ಅದರ ಅರ್ಧ ಅಗಲ, ಎರಡೂ ಪಿಕ್ಸೆಲ್ ಲೆಕ್ಕದಲ್ಲಿ:

```python
import cv2, numpy as np
img = cv2.imread("jar.jpg")
h = img.shape[0]
x0, R = 1000, 800
a = np.radians(55)
s = np.arange(-R*a, R*a)
mx = np.tile(x0 + R*np.sin(s/R), (h, 1)).astype(np.float32)
my = np.repeat(np.arange(h)[:, None], len(s), axis=1).astype(np.float32)
cv2.imwrite("flat.png", cv2.remap(img, mx, my, cv2.INTER_CUBIC))
```

ಅಕ್ಷರಗಳು ಮತ್ತೆ ತಮ್ಮ ಅಗಲಕ್ಕೆ ಬರುತ್ತವೆ, ಸಂದಿಗೂ ಸೀಳು ಸಿಗುತ್ತದೆ. ಆದರೆ ಸಂದಿ ಮೂಲ ಫೋಟೊದಲ್ಲಿ ಕಾಣುವಂತಿರಬೇಕು. ಅಲ್ಲೇ ಎರಡು ಆರು ಅಂಟಿಕೊಂಡಿದ್ದರೆ, ಬಿಡಿಸಿದ ಮೇಲೆ ಅಗಲವಾಗಿ ಅಂಟಿಕೊಂಡ ಎರಡು ಆರು ಸಿಗುತ್ತದೆ ಅಷ್ಟೇ. ಅದಕ್ಕೇ ಕೋನವನ್ನು 55ಕ್ಕೆ ನಿಲ್ಲಿಸಿದ್ದೇನೆ.

ಅಂಕಿಗಳನ್ನು ಅಂಕಿಗಳಿಂದಲೇ ಹಿಡಿಯಿರಿ. ಪೋಷಕಾಂಶಗಳ ಪಟ್ಟಿಯಲ್ಲಿ ಒಂದು ಉಪಕಾರ ಇದೆ. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗೆ ಸುಮಾರು 4 ಕಿಲೊಕ್ಯಾಲರಿ, ಕೊಬ್ಬು ಸುಮಾರು 9. ನನಗೆ ಬಂದ ಅಂಕಿಗಳನ್ನು ಹಾಕಿ ನೋಡಿ:

```
9.0×4 + 6.0×4 + 12.0×9 = 36 + 24 + 108 = 168
408 − 168 = 240 = 60×4
```

408 ಆಗಬೇಕಿತ್ತು, 168 ಬಂತು. ಕೊರತೆ 240. ಅದು ಸರಿಯಾಗಿ 60 ಗ್ರಾಂ ಕಾರ್ಬೋಹೈಡ್ರೇಟ್‌ನದು. 6ಕ್ಕೆ 60 ಕೂಡಿದರೆ 66. ಲೆಕ್ಕ ತಪ್ಪಿದೆ ಅಂತಷ್ಟೇ ಅಲ್ಲ, ಯಾವ ಅಂಕಿ ಬಿದ್ದಿದೆ ಅಂತಲೂ ಇದು ತೋರಿಸಿತು. ಎಲ್ಲ ಸಲ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ. ಅಂಕಿಗಳನ್ನು ದುಂಡು ಮಾಡಿ ಅಚ್ಚು ಹಾಕಿರುತ್ತಾರೆ, ನಾರಿನಂಶದ ಲೆಕ್ಕ ಬೇರೆ ಇರುತ್ತದೆ. ಶೇ. 10ರೊಳಗಿನ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧಕ್ಕರ್ಧ ಹೋಗಿದ್ದರೆ ಬಿಡುವುದಿಲ್ಲ. ಬಾರ್‌ಕೋಡ್ ಕೆಳಗಿನ 13 ಅಂಕಿಗಳಿಗೂ ಇಂಥ ಕಾವಲು ಇದೆ: ಕೊನೆಯ ಅಂಕಿ ಉಳಿದ ಹನ್ನೆರಡರ ಲೆಕ್ಕದಿಂದ ಬರುತ್ತದೆ, ಹೊಂದದಿದ್ದರೆ ಓದಿದ್ದು ತಪ್ಪು.

## ಲಕ್ಷಣ: ಒಂದು ಸಾಲಿನ ಅಂಕಿ ಇನ್ನೊಂದು ಸಾಲಿನ ಹೆಸರಿಗೆ ಅಂಟಿಕೊಂಡಿದೆ

ಅಂಕಿಗಳೆಲ್ಲ ಸರಿ, ಹೆಸರುಗಳೂ ಸರಿ. ಆದರೆ ಕೊಬ್ಬಿನ ಅಂಕಿ ಕಾರ್ಬೋಹೈಡ್ರೇಟ್ ಮುಂದೆ ಕೂತಿದೆ. ಹೀಗೆ ಒಂದು ಸಾಲು ಜಾರಿದ್ದರೆ ಕ್ಯಾಮೆರಾ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದೆ ಅಂತ ಅರ್ಥ.

ಮೇಜಿನ ಮೇಲೆ ಡಬ್ಬಿ ಇಟ್ಟು ನಿಂತುಕೊಂಡೇ ಫೋಟೊ ತೆಗೆದಾಗ, ಅಡ್ಡ ಸಾಲುಗಳು ನಗುವ ಬಾಯಿಯ ಹಾಗೆ ಬಾಗುತ್ತವೆ. ನಡು ಕೆಳಗೆ, ತುದಿಗಳು ಮೇಲೆ. ನನ್ನ ಡಬ್ಬಿಯಲ್ಲಿ ಲೆಕ್ಕ ಹಾಕಿದರೆ, ಬರೀ 10 ಡಿಗ್ರಿ ಮೇಲಿನಿಂದ ನೋಡಿದರೂ ಬಲಗಡೆಯ ಅಂಕಿ ತನ್ನ ಹೆಸರಿಗಿಂತ 3 ಮಿ.ಮೀ. ಮೇಲೆ ಕಾಣುತ್ತದೆ. ಸಣ್ಣಕ್ಷರದ ಪಟ್ಟಿಯಲ್ಲಿ ಸಾಲಿನಿಂದ ಸಾಲಿಗೆ ಇರುವ ದೂರವೇ ಹೆಚ್ಚೂ ಕಡಿಮೆ ಅಷ್ಟು! ಓಸಿಆರ್ ಸಾಲನ್ನು ನೇರ ಗೆರೆ ಅಂದುಕೊಂಡು ಜೋಡಿಸುತ್ತದೆ. ಆ ನೇರ ಗೆರೆಯಲ್ಲಿ ಈಗ ಸಿಗುವುದು ಕೆಳಗಿನ ಸಾಲಿನ ಅಂಕಿ.

ಮದ್ದು ಸುಲಭ. ಪಟ್ಟಿಯ ನಡು ಸಾಲಿನ ಎತ್ತರಕ್ಕೇ ಕ್ಯಾಮೆರಾ ಇಳಿಸಿ. ಡಬ್ಬಿಯ ಕೆಳಗೆ ನಾಲ್ಕು ಪುಸ್ತಕ ಇಟ್ಟರೂ ಆಯಿತು. ಸರಿಯಾಗಿದೆಯಾ ಅಂತ ತಿಳಿಯಲು ಲೇಬಲ್‌ನ ಮೇಲಂಚು, ಕೆಳಂಚು ನೋಡಿ. ಮೇಲಂಚು ಒಂದು ಕಡೆಗೆ, ಕೆಳಂಚು ಇನ್ನೊಂದು ಕಡೆಗೆ, ಅಷ್ಟಷ್ಟೇ ಬಾಗಿದ್ದರೆ ನೀವು ನಡುವಿನ ಎತ್ತರದಲ್ಲಿದ್ದೀರಿ. ಎರಡೂ ಒಂದೇ ಕಡೆಗೆ ಬಾಗಿದ್ದರೆ ಇನ್ನೂ ಓರೆ ಇದೆ. ಮೇಲೆ ಕೊಟ್ಟ ಕೋಡ್ ಅಗಲವನ್ನಷ್ಟೇ ಸರಿಮಾಡುತ್ತದೆ, ಈ ಬಾಗನ್ನಲ್ಲ.

## ಲಕ್ಷಣ: ಉದ್ದಕ್ಕೆ ಒಂದು ಪಟ್ಟೆಯೊಳಗಿನ ಅಕ್ಷರಗಳೆಲ್ಲ ಮಾಯ

ಇದು ಹೊಳಪಿನ ಕೆಲಸ. `Sodium` ಹೋಗಿ `So um`, ಕೆಳಗಿನ ಸಾಲಲ್ಲೂ ಅದೇ ಜಾಗದಲ್ಲಿ ತೂತು. ಪಟ್ಟೆ ಅಂಕಿಯ ಮೇಲೆ ಅರ್ಧ ಬಿದ್ದರೆ ಇನ್ನೂ ಕೆಟ್ಟದು: `8`ರ ಎಡ ಮಗ್ಗುಲು ಅಳಿದರೆ ಉಳಿಯುವುದು `3`. ದಶಮಾಂಶ ಚುಕ್ಕಿ ಅಳಿದರೆ `2.5` ಹೋಗಿ `25`.

ಮೊದಲು ಪಟ್ಟೆಯ ಬಿಳುಪು ಎಂಥದ್ದು ಅಂತ ನೋಡಿ. ಯಾವುದಾದರೂ ಚಿತ್ರ ತಿದ್ದುವ ಆ್ಯಪ್‌ನಲ್ಲಿ ಪಟ್ಟೆಯ ಪಿಕ್ಸೆಲ್ ಬೆಲೆ ನೋಡಬಹುದು. ಮೂರೂ ಬಣ್ಣ 255ಕ್ಕೆ ಮುಟ್ಟಿದ್ದರೆ ಅಲ್ಲಿ ಅಕ್ಷರದ ಮಾಹಿತಿ ಉಳಿದಿಲ್ಲ. ಯಾವ ಫಿಲ್ಟರೂ ಅದನ್ನು ವಾಪಸ್ ತರುವುದಿಲ್ಲ. ತಂದ ಹಾಗೆ ಕಂಡರೆ ಅದು ಊಹೆ. 200, 230 ಅಂತ ಏರಿಳಿತ ಇದ್ದರೆ ಅದು ಬರೀ ಬೆಳ್ಳನೆಯ ಮುಸುಕು. ಒಳಗೆ ಅಕ್ಷರ ಇದೆ. ಜಾಗದಿಂದ ಜಾಗಕ್ಕೆ ಬೇರೆ ಬೇರೆಯಾಗಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಓದಲು ಬರಬಹುದು.

ಇನ್ನೊಂದು ಮೋಸ: ಪಟ್ಟೆ ಬಲಗಡೆ ಇದೆ, ಸಾಲು ತಪ್ಪಿಹೋಗಿರುವುದು ಎಡಗಡೆ. ಬರಹ ಎಲ್ಲಿದೆ ಅಂತ ಹುಡುಕುವಾಗ ಕೆಲವು ಓಸಿಆರ್‌ಗಳು ಇಡೀ ಚಿತ್ರಕ್ಕೆ ಒಂದೇ ಗಡಿ ಹಾಕಿ ಕಪ್ಪು-ಬಿಳಿ ಮಾಡುತ್ತವೆ. ತೀರ ಬೆಳ್ಳಗಿನ ಪಟ್ಟೆ ಆ ಗಡಿಯನ್ನು ಮೇಲಕ್ಕೆ ಎಳೆದುಬಿಡುತ್ತದೆ. ನೆರಳಿನ ಕಡೆ ಇರುವುದೆಲ್ಲ ಕಪ್ಪಾಗಿ ಮುದ್ದೆಯಾಗುತ್ತದೆ. ಟೆಸೆರಾಕ್ಟ್ ಅನ್ನುವ ಓಸಿಆರ್‌ನ 5ನೇ ಆವೃತ್ತಿ ಬಳಸುತ್ತಿದ್ದರೆ, ಅಕ್ಕಪಕ್ಕ ನೋಡಿ ಗಡಿ ಹಾಕುವ ವಿಧಾನ ಹೀಗೆ ಸಿಗುತ್ತದೆ:

```
tesseract crop.png stdout --psm 6 -c thresholding_method=2
```

ಅಥವಾ ಪಟ್ಟೆಯನ್ನು ಬಿಟ್ಟು ಉಳಿದಷ್ಟನ್ನೇ ಕತ್ತರಿಸಿ ಕೊಡಿ. ಇದರಲ್ಲಿ ಕಷ್ಟವೇನಿಲ್ಲ.

ಆದರೆ ನಿಜವಾದ ಕೆಲಸ ಇರುವುದು ಬೆಳಕಿನ ಕಡೆ. ಚಪ್ಪಟೆ ಪೆಟ್ಟಿಗೆಯಾದರೆ ಸ್ವಲ್ಪ ಓರೆ ಮಾಡಿದರೆ ಹೊಳಪು ಪೂರ್ತಿ ಹೋಗುತ್ತದೆ. ದುಂಡನೆಯದರಲ್ಲಿ ಹಾಗಲ್ಲ. ಅದರ ಮೈ ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ದೀಪವನ್ನು ಪಕ್ಕಕ್ಕೆ ಎಲ್ಲಿ ಸರಿಸಿದರೂ, ಮೈಯ ಯಾವುದೋ ಒಂದು ಭಾಗ ಅದನ್ನು ಕ್ಯಾಮೆರಾಗೆ ತೋರಿಸುತ್ತಲೇ ಇರುತ್ತದೆ. ಪಟ್ಟೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಕ್ಯಾಮೆರಾ ದಿಕ್ಕಿನಿಂದ ದೀಪ ಎಷ್ಟು ಡಿಗ್ರಿ ಪಕ್ಕಕ್ಕಿದೆಯೋ, ಪಟ್ಟೆ ಡಬ್ಬಿಯ ಮೇಲೆ ಅದರ ಅರ್ಧ ಡಿಗ್ರಿಯಲ್ಲಿ ಬೀಳುತ್ತದೆ. ದೀಪ 40 ಡಿಗ್ರಿಯಲ್ಲಿದ್ದರೆ ಪಟ್ಟೆ 20ರಲ್ಲಿ, ಬರಹದ ನಟ್ಟನಡುವೆ. ದೀಪವನ್ನು 110 ಡಿಗ್ರಿಗೆ, ಅಂದರೆ ಡಬ್ಬಿಗಿಂತ ತುಸು ಹಿಂದಕ್ಕೆ ಇಟ್ಟರೆ ಪಟ್ಟೆ 55ಕ್ಕೆ ಹೋಗುತ್ತದೆ. ಆ ಭಾಗವನ್ನು ನಾವು ಹೇಗೂ ನಂಬುತ್ತಿಲ್ಲ. ಆದರೆ ಬರಹದ ಮೇಲೆ ಬೆಳಕು ಕಮ್ಮಿಯಾಗುತ್ತದೆ, ಇನ್ನೊಂದು ಬದಿಗೂ ಒಂದು ದೀಪ ಬೇಕಾಗುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ ಇದೆ. ಇದು ಗೊತ್ತಾಗಲು ನನಗೆ ಬಹಳ ಕಾಲ ಹಿಡಿಯಿತು. ದೀಪವನ್ನು ಪಕ್ಕಕ್ಕಲ್ಲ, ಮೇಲಕ್ಕೆ ಒಯ್ಯಿರಿ. ನೆಟ್ಟಗೆ ನಿಂತ ಡಬ್ಬಿಯ ಮೈ ಎಡಕ್ಕೆ ಬಲಕ್ಕೆ ಬಾಗಿದೆ, ಮೇಲಕ್ಕೆ ಕೆಳಕ್ಕೆ ಬಾಗಿಲ್ಲ. ಮೇಲಿನಿಂದ ಇಳಿದು ಬಂದ ಬೆಳಕು ಅದರ ಮೈಗೆ ತಾಗಿ, ಇಳಿಯುತ್ತಲೇ ಮುಂದೆ ಹೋಗುತ್ತದೆ. ಅಂಕಿಗಳ ಎತ್ತರದಲ್ಲೇ ಇಟ್ಟ ಕ್ಯಾಮೆರಾಗೆ ಅದು ಸಿಗುವುದೇ ಇಲ್ಲ, ಕೆಳಗೆ ದಾಟಿಹೋಗುತ್ತದೆ. ಒಂದೇ ದೀಪವನ್ನು ಕ್ಯಾಮೆರಾದ ಪಕ್ಕದಿಂದ ಎತ್ತಿ, ಮುಂದೆಯೇ ಇಟ್ಟು, ಕೆಳಮುಖ ಮಾಡಿ ಹಿಡಿದು ನೋಡಿ. ಒಂದು ಎತ್ತರ ದಾಟಿದ ಕೂಡಲೇ ಪಟ್ಟೆ ಆರಿಹೋಗುತ್ತದೆ. ಬಾಟಲಿಯ ಹೆಗಲ ಮೇಲೆ ಹೊಳಪು ಉಳಿಯುತ್ತದೆ, ಅಲ್ಲಿ ಮೈ ಮೇಲಕ್ಕೂ ಬಾಗಿರುವುದರಿಂದ. ಆದರೆ ಕೋಣೆಯ ಕಿಟಕಿ ಹಿಂದಿನಿಂದ ಇಣುಕುತ್ತಿದ್ದರೆ ಅದೂ ಒಂದು ದೀಪವೇ, ಪರದೆ ಎಳೆಯಿರಿ. ಮೊಬೈಲಿನ ಫ್ಲ್ಯಾಷ್ ಅಂತೂ ಆರಿಸಿಯೇ ಇಡಿ. ಅದು ಕ್ಯಾಮೆರಾ ಪಕ್ಕದಲ್ಲೇ ಇರುವುದರಿಂದ ಪಟ್ಟೆ ಸರಿಯಾಗಿ ಎದುರಿಗೇ ಬೀಳುತ್ತದೆ.

ದೀಪ ಅಲುಗಿಸಲು ಆಗದ ಜಾಗದಲ್ಲಿ ಡಬ್ಬಿಯನ್ನು ತಿರುಗಿಸಿ. ಪಟ್ಟೆಯ ಜಾಗವನ್ನು ನಿರ್ಧರಿಸುವುದು ದೀಪ ಮತ್ತು ಕ್ಯಾಮೆರಾ, ಲೇಬಲ್ ಅಲ್ಲ. ಹಾಗಾಗಿ ಡಬ್ಬಿ ತಿರುಗಿದಾಗ ಪಟ್ಟೆ ಇದ್ದಲ್ಲೇ ನಿಲ್ಲುತ್ತದೆ, ಅಕ್ಷರಗಳು ಅದರ ಕೆಳಗಿನಿಂದ ಆಚೆ ನಡೆದುಹೋಗುತ್ತವೆ. 15 ಡಿಗ್ರಿಯಷ್ಟು ತಿರುಗಿಸಿ ಎರಡನೇ ಫೋಟೊ ತೆಗೆಯಿರಿ. ಮೊದಲನೆಯದರಲ್ಲಿ ಮುಚ್ಚಿಹೋದದ್ದು ಎರಡನೆಯದರಲ್ಲಿ ಬಯಲಾಗಿರುತ್ತದೆ. ಎರಡನ್ನೂ ಬೇರೆ ಬೇರೆ ಓದಿಸಿ, ಸಾಲು ಸಾಲಾಗಿ ಹೋಲಿಸಿ. ಎರಡು ಚಿತ್ರ ಬೆಸೆಯುವ ಗೋಜಿಗಿಂತ ನನಗೆ ಇದೇ ವಾಸಿ ಅನ್ನಿಸಿದೆ.

ಪೋಲರೈಸಿಂಗ್ ಫಿಲ್ಟರ್ ಕೊನೆಯ ಮೆಟ್ಟಿಲು. ಲೆನ್ಸಿಗೆ ಒಂದೇ ಹಾಕಿದರೆ ಪ್ಲಾಸ್ಟಿಕ್, ಗಾಜಿನ ಹೊಳಪು ಕೆಲವು ಕೋನಗಳಲ್ಲಿ ಮಾತ್ರ ತಗ್ಗುತ್ತದೆ. ದೀಪದ ಮುಂದೆ ಒಂದು, ಲೆನ್ಸಿನ ಮುಂದೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಹಾಕಿದರೆ ಹೆಚ್ಚೂ ಕಡಿಮೆ ಎಲ್ಲ ಕೋನದಲ್ಲೂ ಹೋಗುತ್ತದೆ. ಬೆಳಕು ಬಹಳ ಕಮ್ಮಿಯಾಗುವುದರಿಂದ ಕ್ಯಾಮೆರಾಗೆ ಸ್ಟ್ಯಾಂಡ್ ಬೇಕೇ ಬೇಕು. ಬೆಳ್ಳಿ ಬಣ್ಣದ ಲೋಹದ ಹಾಳೆಯ ಮೇಲೆ ಈ ದಾರಿ ಬೇಡ. ಜೋಡಿ ಫಿಲ್ಟರ್ ಹಾಕಿದರೆ ಹಾಳೆಯೇ ಕಪ್ಪಾಗುತ್ತದೆ. ಅಕ್ಷರವೂ ಕಪ್ಪಾಗಿದ್ದರೆ ಏನೂ ಉಳಿಯುವುದಿಲ್ಲ. ಅಲ್ಲಿ ದೊಡ್ಡ ಬಿಳಿ ಹಾಳೆ ಹಿಡಿದು, ಅದರ ಪ್ರತಿಬಿಂಬದಿಂದಲೇ ಲೋಹವೆಲ್ಲ ಒಂದೇ ಸಮ ಬೆಳ್ಳಗಾಗುವಂತೆ ಮಾಡಿದರೆ ಕಪ್ಪು ಅಕ್ಷರ ಎದ್ದು ಕಾಣುತ್ತದೆ.

## ಲಕ್ಷಣ: ಪೌಚ್‌ನ ಮೇಲೆ ಅಲ್ಲಲ್ಲಿ ಚೂರುಚೂರು ತಪ್ಪು

ಸುಕ್ಕುಗಳು. ಪ್ರತಿ ಸುಕ್ಕೂ ಒಂದು ಪುಟ್ಟ ಉರುಳೆ, ಪ್ರತಿಯೊಂದಕ್ಕೂ ಅದರದೇ ಹೊಳಪು ಗೆರೆ, ಅದೂ ಬೇರೆ ಬೇರೆ ದಿಕ್ಕಿಗೆ. ಮೇಲೆ ಹೇಳಿದ ಯಾವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಪೌಚ್ ಅನ್ನು ಮಲಗಿಸಿ, ಒಳಗಿನದನ್ನು ಸಮನಾಗಿ ಹರಡಿ, ಅಂಚುಗಳನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಮೇಲೆ ಗಾಜು ಒತ್ತುವುದು ಬೇಡ, ಗಾಜಿನ ಹೊಳಪೂ ಸೇರಿಕೊಳ್ಳುತ್ತದೆ.

## ಲಕ್ಷಣ: ಎಲ್ಲ ಓದುತ್ತದೆ, ದಿನಾಂಕ ಮಾತ್ರ ಓದುವುದಿಲ್ಲ

ಮುಚ್ಚಳದ ಮೇಲೋ ತಳದಲ್ಲೋ ಇರುವ ದಿನಾಂಕ, ಬ್ಯಾಚ್ ನಂಬರ್ ಹತ್ತಿರದಿಂದ ನೋಡಿ. ಬಹಳ ಸಲ ಅದು ಗೆರೆಗಳಿಂದ ಆದ ಅಕ್ಷರವಲ್ಲ, ಶಾಯಿಯ ಚುಕ್ಕಿಗಳ ಸಾಲು. ತುಂಬಿದ ಅಕ್ಷರ ಓದಲು ಕಲಿತ ಓಸಿಆರ್‌ಗೆ ಅದು ಧೂಳಿನ ಹಾಗೆ ಕಾಣುತ್ತದೆ. ಚಿತ್ರವನ್ನು ಚುಕ್ಕಿಗಳು ಒಂದಕ್ಕೊಂದು ಕೂಡುವಷ್ಟು ಮಸುಕು ಮಾಡಿ, ಆಮೇಲೆ ಕಪ್ಪು-ಬಿಳಿ ಮಾಡಿ, ಆ ಒಂದು ಸಾಲನ್ನಷ್ಟೇ, ಒಂದೇ ಸಾಲು ಅಂತ ಹೇಳುವ `--psm 7` ಜೊತೆ ಟೆಸೆರಾಕ್ಟ್‌ಗೆ ಕೊಡಿ. ಮಸುಕು ಜಾಸ್ತಿಯಾದರೆ `0`, `8` ಎರಡೂ ಒಂದೇ ಉಂಡೆಯಾಗುತ್ತವೆ, ಸ್ವಲ್ಪ ಸ್ವಲ್ಪವೇ ಏರಿಸಿ.

ಒಂದು ಎಚ್ಚರಿಕೆ. ಕೊಳೆ ಇದೆ ಅಂತ ದಿನಾಂಕದ ಮೇಲೆ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಆ ಶಾಯಿಯೇ ಎದ್ದುಬರಬಹುದು. ಒಣ ಬಟ್ಟೆ ಸಾಕು.

## ಲಕ್ಷಣ: ಓಸಿಆರ್ ತುಂಬ ಧೈರ್ಯವಾಗಿ ಹೇಳುತ್ತದೆ, ಆದರೂ ತಪ್ಪು

ಟೆಸೆರಾಕ್ಟ್‌ಗೆ `tsv` ಅಂತ ಕೊಟ್ಟರೆ ಪ್ರತಿ ಪದದ ಪಕ್ಕ `conf` ಅಂತ ಒಂದು ಕಾಲಂ ಬರುತ್ತದೆ:

```
tesseract crop.png stdout --psm 6 tsv
```

ಇದು 100ರೊಳಗಿನ ಅಂಕಿ. ಕಡಿಮೆ ಇದ್ದರೆ ಆ ಪದವನ್ನು ಕಣ್ಣಿಂದ ನೋಡಿ, ಇದಕ್ಕೆ ಅದು ಒಳ್ಳೆಯದು. ಹೆಚ್ಚಿದ್ದರೆ ಸರಿ ಅಂತ ಅರ್ಥವಲ್ಲ. ನನ್ನ `6.0`ಗೆ 90ರ ಮೇಲಿತ್ತು. ಅದು ನೋಡಿದ ಸೀಳುಗಳಲ್ಲಿ ಆರು ಇದ್ದದ್ದು ನಿಜವೇ ಅಲ್ವಾ? ಎರಡು ಆರು ಇತ್ತು ಅನ್ನುವ ಅನುಮಾನಕ್ಕೇ ಅಲ್ಲಿ ಜಾಗ ಇರಲಿಲ್ಲ. ಹಾಗೇ ಹೊಳಪಿನಲ್ಲಿ ಅರ್ಧ ಅಳಿದ ಪದವನ್ನು ಗೊತ್ತಿರುವ ಪದದಿಂದ ತುಂಬಿದಾಗಲೂ ಧೈರ್ಯ ಹೆಚ್ಚೇ ಇರುತ್ತದೆ. ಕ್ಯಾಲರಿಯಂಥ ಲೆಕ್ಕದ ಕಾವಲು ಇಲ್ಲದ ಕಡೆ ಅಂಥದ್ದನ್ನು ಹಿಡಿಯಲು ಇರುವ ದಾರಿ ಒಂದೇ: ಡಬ್ಬಿ ತಿರುಗಿಸಿ ಇನ್ನೊಂದು ಫೋಟೊ ತೆಗೆದು, ಎರಡೂ ಸಲ ಒಂದೇ ಉತ್ತರ ಬರುತ್ತದಾ ನೋಡುವುದು. ಅದೇ ಫೋಟೊವನ್ನು ಎರಡು ಸಲ ಓದಿಸಿದರೆ ಲೆಕ್ಕಕ್ಕಿಲ್ಲ.

## ಎಲ್ಲಿ ನಿಲ್ಲಿಸಬೇಕು

ಔಷಧಿಯ ಪ್ರಮಾಣ, ಅಲರ್ಜಿ ತರುವ ಪದಾರ್ಥಗಳು, ರಾಸಾಯನಿಕದ ಎಚ್ಚರಿಕೆ, ಮುಗಿಯುವ ದಿನಾಂಕ. ಈ ನಾಲ್ಕನ್ನು ಓಸಿಆರ್ ಓದಿದ್ದು ಎಷ್ಟೇ ಚೆನ್ನಾಗಿ ಕಂಡರೂ ಡಬ್ಬಿ ಹಿಡಿದು ಕಣ್ಣಿಂದ ಓದಿ. ಒಂದು ದಶಮಾಂಶ ಚುಕ್ಕಿ ಅಳಿದರೆ ಹತ್ತು ಪಟ್ಟು ವ್ಯತ್ಯಾಸ. ಔಷಧಿಯ ಲೇಬಲ್ ಕಣ್ಣಿಗೇ ಸ್ಪಷ್ಟವಾಗಿ ಕಾಣದಿದ್ದರೆ ಊಹಿಸಬೇಡಿ, ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ.

ಹೊಳಪು ತಗ್ಗಿಸಲು ಪೌಡರ್, ಮ್ಯಾಟ್ ಸ್ಪ್ರೇ ಹಾಕುವ ಅಭ್ಯಾಸ ಕೆಲವರಿಗಿದೆ. ತಿನ್ನುವ ವಸ್ತು, ಔಷಧಿಗಳ ಮೇಲೆ ಅದು ಬೇಡ. ಒತ್ತಡದಲ್ಲಿ ತುಂಬಿದ ಸ್ಪ್ರೇ ಡಬ್ಬಿಗಳನ್ನು ಬಿಸಿಯೇರುವ ದೀಪದ ಹತ್ತಿರ ಇಡಬೇಡಿ, ಸಿಡಿಯಬಹುದು. ತಳದ ಬರಹ ಬೇಕು ಅಂತ ಆ್ಯಸಿಡ್, ಬ್ಲೀಚ್ ಬಾಟಲಿಯನ್ನು ಮಗುಚುವ ಮೊದಲು ಮುಚ್ಚಳ ಬಿಗಿಯಾಗಿದೆಯಾ ನೋಡಿ.

ಉಳಿದದ್ದಕ್ಕೆ ನನ್ನದೊಂದು ಗಡಿ ಇದೆ. ಡಬ್ಬಿ ತಿರುಗಿಸಿ, ಎತ್ತರ ಸರಿಮಾಡಿ, ಬೆಳಕು ಮೇಲಕ್ಕೊಯ್ದು, ಮೂರು ಸಲ ಫೋಟೊ ತೆಗೆದರೂ ಅದೇ ಅಂಕಿ ತಪ್ಪಿ ಬಂದರೆ ಅಲ್ಲಿಗೆ ಬಿಡುತ್ತೇನೆ. ಆ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಿ, ಪಕ್ಕದಲ್ಲಿ 'ಕೈಯಲ್ಲಿ ಹಾಕಿದ್ದು' ಅಂತ ಗುರುತು ಇಡುತ್ತೇನೆ. ನೂರಾರು ಡಬ್ಬಿಗಳ ಕೆಲಸವಾದರೆ ಮಾತ್ರ, ಡಬ್ಬಿಯನ್ನು ತಿರುಗಿಸುತ್ತಾ ಗೆರೆ ಗೆರೆಯಾಗಿ ಸ್ಕ್ಯಾನ್ ಮಾಡುವ ಲೈನ್ ಕ್ಯಾಮೆರಾ ಗೊತ್ತಿರುವವರನ್ನು ಕೇಳುವುದು ಸರಿ. ಅದು ಯಾವಾಗಲೂ ಎದುರಿಗಿರುವ ತೆಳ್ಳನೆಯ ಪಟ್ಟಿಯನ್ನಷ್ಟೇ ನೋಡುವುದರಿಂದ ಬಾಗಿನ ಪ್ರಶ್ನೆಯೇ ಏಳುವುದಿಲ್ಲ. ದೀಪವನ್ನು ಎಲ್ಲಿಡಬೇಕು ಅನ್ನುವ ಪ್ರಶ್ನೆ ಮಾತ್ರ ಅಲ್ಲೂ ತಪ್ಪಿದ್ದಲ್ಲ.